ಮ್ಯಾಲಿನ ಹುಡುಗೂರು ಮತ್ತು ಕಾಕಾನ ರೂಟರ್

"ಮ್ಯಾಲಿನ ಹುಡುಗೂರದ್ದ ಕೆಲಸ ಇದು. ಮತ್ಯಾರು ಮಾಡ್ತಾರ ತಮ್ಮಾ?"

ಮೊನ್ನೆ ರವಿವಾರ ಕಾಕಾ ಆಡಿದ ಈ ಮಾತು ಇನ್ನೂ ನನ್ನ ಕಿವಿಯಿಂದ ಹೋಗಿಲ್ಲ. ಧಾರವಾಡದ ಸಪ್ತಾಪುರದಲ್ಲಿ ಅವರ ಮನೆ. ಮಹಡಿಯ ಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿದ್ದಾರೆ. ಬಾಡಿಗೆಯ ಜೊತೆಗೇ ವೈಫೈ. ಆ ವಾರ ಮನೆಯ ವೈಫೈನಲ್ಲಿ ಕರೆಂಟ್ ಬಿಲ್ ಕಟ್ಟಲು ಹೋದರೆ ಬ್ರೌಸರ್ 'ಈ ತಾಣ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಕೊಡುತ್ತಿತ್ತು. ಬೇರೆ ಕೆಲವು ಪುಟಗಳು ಜೂಜಿನ ಜಾಹೀರಾತಿಗೆ ಹಾರುತ್ತಿದ್ದವು. ಮೊಬೈಲ್ ಡೇಟಾ ಹಾಕಿದರೆ ಎಲ್ಲವೂ ಸರಿ. ಕಾಕಾನ ಫೋನಿನಲ್ಲಿ ಹೇಗೋ ಕಾಕುವಿನ ಫೋನಿನಲ್ಲೂ ಹಾಗೆಯೇ ಆಗುತ್ತಿತ್ತು, ಅಂದರೆ ರೋಗ ಫೋನಿನದಲ್ಲ, ರೂಟರಿನದು.

ಬ್ರೌಸರಿನಲ್ಲಿ ರೂಟರಿನ ವಿಳಾಸ `192.168.1.1` ಹೊಡೆದೆ. ಹೆಸರು `admin`, ಪಾಸ್‌ವರ್ಡೂ `admin`. ಒಳಗೆ ಹೋಗಿಬಿಟ್ಟೆ. ಮನೆಯ ಫೋನುಗಳಿಗೆ ವಿಳಾಸ ಹಂಚುವ DHCP ಪುಟದಲ್ಲಿ, DNS ಜಾಗದಲ್ಲಿ ಯಾರೋ ಕೈಯಿಂದ ತುಂಬಿದ ಎರಡು ವಿಳಾಸಗಳಿದ್ದವು. ಅವು ಇಂಟರ್ನೆಟ್ ಕಂಪನಿಯವೂ ಅಲ್ಲ, ಎಲ್ಲರೂ ಬಳಸುವ `8.8.8.8`, `1.1.1.1` ಕೂಡ ಅಲ್ಲ. ತಾಣದ ಹೆಸರು ಕೇಳಿದಾಗ ಅದರ ವಿಳಾಸ ಹೇಳುವವನು DNS. ಅವನೇ ಸುಳ್ಳು ಹೇಳತೊಡಗಿದರೆ ಮನೆಯ ಎಲ್ಲ ಫೋನುಗಳೂ ತಪ್ಪು ಬಾಗಿಲಿಗೆ ಹೋಗುತ್ತವೆ. ಎಚ್ಚರಿಕೆ ಕಂಡ ಕೂಡಲೇ ಕಾಕಾ ಮುಂದೆ ಹೋಗದೆ ನಿಲ್ಲಿಸಿದ್ದು ದೊಡ್ಡ ಕೆಲಸ.

ಹುಡುಗರ ಮಾತು ಬಂದದ್ದು ಆಗಲೇ. ವೈಫೈ ಪಾಸ್‌ವರ್ಡ್ ಇರುವ ಯಾರು ಬೇಕಾದರೂ ಈ ಪುಟ ತೆರೆಯಬಹುದಿತ್ತು, ನಿಜ. ಆದರೆ ಇನ್ನೊಂದು ಪುಟದಲ್ಲಿ ರಿಮೋಟ್ ಮ್ಯಾನೇಜ್‌ಮೆಂಟ್‌ಗೆ ಟಿಕ್ ಬಿದ್ದಿತ್ತು. ಅಂದರೆ ಇದೇ ಲಾಗಿನ್ ಪುಟ ಹೊರಗಿನ ಇಂಟರ್ನೆಟ್ಟಿಗೂ ತೆರೆದಿತ್ತು. ಇಂಥ ರೂಟರುಗಳನ್ನು ಹುಡುಕಿ `admin` ಹೊಡೆದು ನೋಡುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಹರಡಿದ್ದು ಕಾರ್ಖಾನೆಯ ಪಾಸ್‌ವರ್ಡುಗಳ ಒಂದು ಪಟ್ಟಿ ಹಿಡಿದುಕೊಂಡೇ. ರೂಟರಿನ ಲಾಗ್ ರೀಸ್ಟಾರ್ಟ್ ಮಾಡಿದಾಗ ಅಳಿಸಿಹೋಗಿತ್ತು. ಹೀಗಿರುವಾಗ "ಮತ್ಯಾರು ಮಾಡ್ತಾರ" ಎಂದು ಹೇಗೆ ಅನ್ನುವುದು?

ಕನೆಕ್ಷನ್ ಕೊಟ್ಟ ಹುಡುಗನಿಗೆ ಫೋನ್ ಮಾಡಿದೆ. "ಎಲ್ಲಾ ಮನ್ಯಾಗೂ ಒಂದ ಪಾಸ್‌ವರ್ಡ್ ಇಡ್ತೀವ್ರಿ ಸರ್, ನಮಗ ನೆನಪ ಇರ್ಬೇಕಲ್ರಿ" ಅಂದ. ಒಳ್ಳೆಯ ಹುಡುಗ, ಕರೆದರೆ ಬರುತ್ತಾನೆ. ಆದರೆ ತನ್ನ ಅನುಕೂಲಕ್ಕೆ ಊರ ಮನೆಗಳಿಗೆಲ್ಲ ಒಂದೇ ಕೀಲಿ ಇಡುವುದು ನನಗೆ ಒಪ್ಪಿಗೆಯಿಲ್ಲ. ಅವನಿಂದ PPPoE, ಅಂದರೆ ರೂಟರ್ ಕಂಪನಿಯ ನೆಟ್ಟಿಗೆ ಲಾಗಿನ್ ಆಗುವ ಹೆಸರು, ಪಾಸ್‌ವರ್ಡ್ ಬರೆದುಕೊಂಡೆ. ರೀಸೆಟ್ ಮಾಡಿದರೆ ಅವು ಅಳಿಸಿಹೋಗುತ್ತವೆ, ಅವಿಲ್ಲದೆ ನೆಟ್ ಬರುವುದಿಲ್ಲ.

ಒಳಹೊಕ್ಕವರು ಇನ್ನೇನು ತಿರುಚಿದ್ದಾರೋ ಗೊತ್ತಿಲ್ಲವಾದ್ದರಿಂದ ಪೂರ್ತಿ ರೀಸೆಟ್ ಮಾಡಿದೆ. ನೆಟ್ ಜೋಡಿಸುವ ಮೊದಲೇ ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆ, ರಿಮೋಟ್ ಮ್ಯಾನೇಜ್‌ಮೆಂಟ್‌ನ ಟಿಕ್ ತೆಗೆದೆ. "ವೈಫೈ ಪಾಸ್‌ವರ್ಡ್ ಚೇಂಜ್ ಮಾಡೀನಲ್ಲೋ ಹ್ವಾದ ತಿಂಗಳ" ಅಂದರು ಕಾಕಾ. ಅದು ಮನೆಯೊಳಗೆ ಬರುವ ಕೀಲಿ, ಇದು ತಿಜೋರಿಯದು ಎಂದ ಮೇಲೆ ಅವರಿಗೆ ತಿಳಿಯಿತು.

ಉಳಿದದ್ದು WPS, ಪಾಸ್‌ವರ್ಡ್ ಹೊಡೆಯದೆ ಗುಂಡಿ ಒತ್ತಿ ಇಲ್ಲವೇ ಪಿನ್ ಕೊಟ್ಟು ವೈಫೈಗೆ ಸೇರುವ ಸೌಲಭ್ಯ. ರೂಟರಿನ ಬೆನ್ನಿಗೆ ಎಂಟು ಅಂಕಿಯ ಪಿನ್ ಅಂಟಿಸಿದ್ದರು. ಎಂಟು ಅಂಕಿ ಎಂದರೆ ಕೋಟಿಗಟ್ಟಲೆ ಸಾಧ್ಯತೆ ಅನಿಸುತ್ತದೆ. ಆದರೆ ಮೊದಲ ನಾಲ್ಕು ಅಂಕಿ ಸರಿಯೋ ತಪ್ಪೋ ಎಂದು ರೂಟರ್ ಬೇರೆಯಾಗಿಯೇ ಹೇಳಿಬಿಡುತ್ತದೆ, ಅಲ್ಲಿಗೆ 10,000. ಕೊನೆಯ ಅಂಕಿ ಮೊದಲ ಏಳರಿಂದ ಲೆಕ್ಕ ಹಾಕಿ ಬರುವಂಥದ್ದು, ಹಾಗಾಗಿ ಉಳಿದ ಮೂರಕ್ಕೆ 1,000. ಒಟ್ಟು 11,000 ಸಲ ಪ್ರಯತ್ನಿಸಿದರೆ ಮುಗಿಯಿತು. 2011ರಲ್ಲೇ ಇದು ಬಯಲಾಗಿದೆ. ಪಿನ್ ಸಿಕ್ಕವನಿಗೆ ವೈಫೈ ಪಾಸ್‌ವರ್ಡನ್ನು ರೂಟರೇ ಕೊಡುತ್ತದೆ, ನೀವು ಎಷ್ಟು ಸಲ ಬದಲಿಸಿದರೂ. ಕೆಲವು ರೂಟರುಗಳು ತಪ್ಪು ಪಿನ್ ಹೆಚ್ಚಾದರೆ ಸ್ವಲ್ಪ ಹೊತ್ತು ಬೀಗ ಹಾಕಿಕೊಳ್ಳುತ್ತವೆ, ಎಲ್ಲವೂ ಅಲ್ಲ. ಕಾಕಾನಿಗೆ ಪ್ರಿಂಟರಿನ ಚಿಂತೆ. WPS ಆಫ್ ಮಾಡಿದ ಮೇಲೂ ವೈಫೈ ಪಾಸ್‌ವರ್ಡ್ ಹಾಕಿ ಜೋಡಿಸಿದರೆ ಅದು ನಡೆಯುತ್ತದೆ, ನಡೆಯಿತು ಕೂಡ. ಕೆಲವು ಹಳೆಯ ರೂಟರುಗಳಲ್ಲಿ ಆಫ್ ಎಂದು ತೋರಿಸಿದರೂ ಅದು ಆಫ್ ಆಗಿರುವುದಿಲ್ಲ. ಅದಕ್ಕೇ ಫೋನಿನ ವೈಫೈ ಅನಲೈಜರ್ ಆ್ಯಪಿನಲ್ಲಿ ನಮ್ಮ ನೆಟ್‌ವರ್ಕಿನ ಹೆಸರಿನ ಮುಂದೆ `WPS` ಹೋಗಿದೆಯೇ ಎಂದು ನೋಡಿದೆ. ಹೋಗಿತ್ತು.

ಹುಡುಗರಿಗೆ ಗೆಸ್ಟ್ ನೆಟ್‌ವರ್ಕ್ ಮಾಡಿಕೊಟ್ಟೆ. ಅದರಿಂದ ರೂಟರಿನ ಪುಟ ತೆರೆಯುವುದಿಲ್ಲ, ನಾನೇ ಸೇರಿಕೊಂಡು ಪರೀಕ್ಷಿಸಿದೆ. ಇನ್ನು ಮುಂದೆ ಅವರ ಮೇಲೆ ಈ ಅನುಮಾನಕ್ಕೆ ಜಾಗವೇ ಇಲ್ಲ. ಆದರೆ ಶನಿವಾರ ಮೆಟ್ಟಿಲ ಹತ್ತಿರ ಕಾಕಾ ಅವರಿಗೆ ಜೋರು ಮಾಡಿದ್ದರಂತೆ. ನಿಮ್ಮದಲ್ಲ ಬಿಡ್ರಪಾ ಅಂತ ಅವರಿಗೆ ಹೇಳಿಬನ್ನಿ ಕಾಕಾ ಅಂದರೆ, "ನೋಡೂಣು" ಅಂದರು. ಇದನ್ನು ಬರೆಯುವ ತನಕ ಹೇಳಿಲ್ಲ. ನಾಳೆ ಮತ್ತೆ ಫೋನ್ ಮಾಡಿ ಕೇಳುತ್ತೇನೆ.