ಬಾಲಮೂಳೆಯ ನೋವಿಗೆ ಬೆಣೆ ಮೆತ್ತೆ: ತಯಾರಿಕೆಯ ದಾಖಲೆ

ಜೂನ್, ಎರಡನೆಯ ವಾರ

ಮಳೆಗೆ ಪಾಚಿಗಟ್ಟಿದ್ದ ಹಿತ್ತಲಿನ ಮೆಟ್ಟಿಲಿನ ಮೇಲೆ ಅಕ್ಕ ಜಾರಿ ಕುಳಿತಂತೆಯೇ ಬಿದ್ದು ಒಂದು ತಿಂಗಳಾಗುತ್ತಾ ಬಂತು. ಅವಳ ಕೆಲಸ ಶಿವಮೊಗ್ಗದ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವುದು. ದಿನದ ಬಹುಭಾಗ ಕುರ್ಚಿಯಲ್ಲಿಯೇ ಕಳೆಯುತ್ತದೆ. ಮೂಳೆ ವೈದ್ಯರು ಪರೀಕ್ಷಿಸಿ, ಎಕ್ಸ್‌ರೇಯಲ್ಲಿ ಮುರಿತ ಕಾಣುವುದಿಲ್ಲವೆಂದೂ ಬಾಲಮೂಳೆಯ ಕೀಲು ಮತ್ತು ಅದರ ಸುತ್ತ ಮೂಳೆಗಳನ್ನು ಬಿಗಿದಿಡುವ ಕಟ್ಟುಗಳಿಗೆ ಪೆಟ್ಟಾಗಿದೆಯೆಂದೂ ತಿಳಿಸಿ, ನೋವಿನ ಮಾತ್ರೆಯನ್ನೂ ಮಲಬದ್ಧತೆ ಆಗದಂತೆ ಒಂದು ಪುಡಿಯನ್ನೂ ಬರೆದುಕೊಟ್ಟಿದ್ದಾರೆ. ಕುಳಿತುಕೊಳ್ಳಲು ಹಿಂಬದಿಯಲ್ಲಿ ಸೀಳು ಇರುವ ಮೆತ್ತೆಯನ್ನು ಬಳಸುವಂತೆಯೂ ಹೇಳಿದ್ದಾರೆ. ಅವಳ ಮೈಗೆ ಮತ್ತು ಅವಳ ಕುರ್ಚಿಗೆ ಹೊಂದುವ ಅಂಥ ಮೆತ್ತೆಯೊಂದನ್ನು ಮನೆಯಲ್ಲಿಯೇ ತಯಾರಿಸುವುದು ಈ ಕೆಲಸದ ಉದ್ದೇಶ. ಸೋಫಾಗಳಿಗೆ ಫೋಮ್ ಕತ್ತರಿಸಿ ಹೊದಿಕೆ ಹೊಲಿಯುವ ಹವ್ಯಾಸ ನನಗೆ ಹಲವು ವರ್ಷಗಳಿಂದ ಇರುವುದರಿಂದ ಉಪಕರಣಗಳಿಗೆ ತೊಂದರೆಯಿಲ್ಲ.

ಅಕ್ಕನ ಮಾತಿನಲ್ಲಿ ಒಂದು ಮುಖ್ಯ ಸುಳಿವಿತ್ತು: "ಕೂತಿದ್ದಾಗ ಹೇಗೋ ತಡ್ಕೋಬಹುದು ಕಣೋ, ಏಳೋ ಆ ಒಂದು ಕ್ಷಣ ಮಾತ್ರ ಪ್ರಾಣ ಹೋದ ಹಾಗಾಗತ್ತೆ." ಈ ಲಕ್ಷಣವನ್ನು ವೈದ್ಯರು ಗಮನವಿಟ್ಟು ಕೇಳುತ್ತಾರೆ. ಕುಳಿತಾಗ ಬಾಲಮೂಳೆ ತನ್ನ ಕೀಲಿನಲ್ಲಿ ಮಿತಿಮೀರಿ ಬಾಗುತ್ತಿದ್ದರೆ ಅಥವಾ ಜಾಗ ತಪ್ಪುತ್ತಿದ್ದರೆ, ಎದ್ದಾಗ ಅದು ಹಿಂದಿನ ಸ್ಥಾನಕ್ಕೆ ಮರಳುವ ವೇಳೆಯಲ್ಲಿ ಹೀಗೆ ತೀವ್ರವಾಗಿ ನೋಯುವುದುಂಟು. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಇದು ಕಾಣದೇ ಹೋಗಬಹುದು. ಫ್ರಾನ್ಸಿನ ವೈದ್ಯ ಝ್ಯಾನ್‌ ಈವ್ ಮೇನ್ ಅವರು ನಿಂತಾಗ ಒಂದು, ನೋವು ಬರುವಂತೆ ಕುಳಿತಾಗ ಇನ್ನೊಂದು ಎಕ್ಸ್‌ರೇ ತೆಗೆದು ಎರಡನ್ನೂ ಹೋಲಿಸುವ ಕ್ರಮವನ್ನು ಬಳಕೆಗೆ ತಂದದ್ದು ಇದೇ ಕಾರಣಕ್ಕೆ. ನೋವು ಇಳಿಯದಿದ್ದರೆ ಆ ಪರೀಕ್ಷೆಯ ಬಗ್ಗೆ ಕೇಳಬೇಕೆಂದು ಅಕ್ಕನ ಚೀಟಿಯಲ್ಲಿ ಬರೆದಿಟ್ಟಿದ್ದೇನೆ.

ಜೂನ್, ಮೂರನೆಯ ವಾರ

ಮೊದಲು ಪರೀಕ್ಷಿಸಿದ್ದು ಔಷಧಿ ಅಂಗಡಿಯಿಂದ ತಂದ, ಗಾಳಿ ತುಂಬುವ ರಿಂಗ್ ಕುಶನ್. ನೆತ್ತಿಯ ಮೇಲೆ ಹೊರೆ ಹೊರಲು ಇಡುವ ಸಿಂಬಿಯಂತೆ ಅದರ ನಡುವೆ ತೂತು, ಸುತ್ತಲೂ ದಿಂಡು. ಬಾಲಮೂಳೆಗೆ ಇದೇ ಸರಿಯಾದದ್ದೆಂದು ಬಹಳ ಜನ ನಂಬಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ಮೂಲವ್ಯಾಧಿಯಂಥ ತೊಂದರೆಗೆ ಹೊಂದೀತೇ ಹೊರತು ಇದಕ್ಕಲ್ಲ. ಕಾರಣ ಸರಳವಾಗಿದೆ. ನಾವು ನೆಟ್ಟಗೆ ಕುಳಿತಾಗ ಮೈಭಾರವನ್ನು ಹೊರುವುದು ಸೊಂಟದ ತಳದಲ್ಲಿ ಎಡಬಲಕ್ಕಿರುವ ಎರಡು ಕೂರುವ ಮೂಳೆಗಳು. ಬಾಲಮೂಳೆ ಅವುಗಳ ಹಿಂದೆ, ನಡುಗೆರೆಯಲ್ಲಿರುತ್ತದೆ. ಹಿಂದಕ್ಕೆ ಒರಗಿದಷ್ಟೂ ಭಾರ ಆ ಎರಡರಿಂದ ಬಾಲಮೂಳೆಯ ಕಡೆಗೆ ಸರಿಯುತ್ತದೆ, ಮುಂದಕ್ಕೆ ಬಾಗಿದಷ್ಟೂ ಹಗುರಾಗುತ್ತದೆ. ರಿಂಗಿನಲ್ಲಿ ಕುಳಿತಾಗ ಕೂರುವ ಮೂಳೆಗಳು ತೂತಿನೊಳಕ್ಕೆ ಇಳಿದು, ಹಿಂಬದಿಯ ದಿಂಡು ನೇರವಾಗಿ ಬಾಲಮೂಳೆಗೋ ಅದರ ಬುಡಕ್ಕೋ ಒತ್ತುತ್ತದೆ. ಅಕ್ಕನೂ ಸ್ವಲ್ಪ ಹೊತ್ತಿನಲ್ಲಿಯೇ ಹಿಂದುಗಡೆ ಒತ್ತುತ್ತಿದೆಯೆಂದು ಹೇಳಿ ಅದನ್ನು ತೆಗೆದಿಟ್ಟಳು.

ಹಾಗಾಗಿ ತಯಾರಿಸಬೇಕಾದ ಮೆತ್ತೆಗೆ ಎರಡು ಗುಣಗಳು ಬೇಕು: ಹಿಂದೆ ದಪ್ಪ, ಮುಂದೆ ತೆಳುವಾಗಿ ಬೆಣೆಯ ಆಕಾರದಲ್ಲಿದ್ದು ಸೊಂಟವನ್ನು ಮುಂದಕ್ಕೆ ವಾಲಿಸಬೇಕು, ಮತ್ತು ಕೂರುವ ಮೂಳೆಗಳಿಗೆ ಗಟ್ಟಿ ಆಧಾರ ಕೊಟ್ಟು, ಅವುಗಳ ಹಿಂದೆ ಬಾಲಮೂಳೆಗೆ ಮಾತ್ರ ಖಾಲಿ ಜಾಗ ಬಿಡಬೇಕು.

ಜೂನ್, ಕೊನೆಯ ವಾರ: ಅಳತೆ

ಸೀಳಿನ ಅಗಲವನ್ನು ಅಂದಾಜಿನಿಂದ ಇಡುವಂತಿಲ್ಲ. ಅದು ಕೂರುವ ಮೂಳೆಗಳ ನಡುವಿನ ಅಂತರಕ್ಕಿಂತ ಸಾಕಷ್ಟು ಕಡಿಮೆ ಇರದಿದ್ದರೆ ಆ ಮೂಳೆಗಳೇ ಸೀಳಿನೊಳಕ್ಕೆ ಕುಸಿದು, ರಿಂಗಿನ ತೊಂದರೆ ಇಲ್ಲಿಯೂ ಮರುಕಳಿಸುತ್ತದೆ. ಸೈಕಲ್ ಸೀಟು ಆರಿಸುವವರು ಅನುಸರಿಸುವ ಕ್ರಮವನ್ನೇ ಇಲ್ಲಿ ಬಳಸಿದೆ. ಅಲೆಯಲೆಯಾದ ಒಳಪದರವಿರುವ ಪ್ಯಾಕಿಂಗ್ ರಟ್ಟನ್ನು ಗಟ್ಟಿ ಮರದ ಬೆಂಚಿನ ಮೇಲೆ ಹಾಸಿ, ಅದರ ಹಿಂದಿನ ಅಂಚು ಗೋಡೆಗೆ ತಾಗುವಂತೆ ಇಟ್ಟು, ಅಕ್ಕ ಬೆನ್ನನ್ನು ಗೋಡೆಗೆ ಆನಿಸಿ ಕುಳಿತು ಒಮ್ಮೆ ಮುಂದಕ್ಕೆ ಬಾಗಿ ಎದ್ದಳು. ನೋವಿರುವವರನ್ನು ಇದರ ಮೇಲೆ ಹೆಚ್ಚು ಹೊತ್ತು ಕೂರಿಸುವ ಅಗತ್ಯವಿಲ್ಲ. ರಟ್ಟಿನ ಮೇಲೆ ಮೂಡಿದ ಎರಡು ಗುಳಿಗಳನ್ನು ಸೀಮೆಸುಣ್ಣದಿಂದ ತೀಡಿದಾಗ ಸ್ಪಷ್ಟವಾಗಿ ಕಂಡವು: ಅವುಗಳ ನಡುಬಿಂದುಗಳ ಅಂತರ 12 ಸೆಂ.ಮೀ., ಹಿಂದಿನ ಅಂಚಿನಿಂದ ದೂರ 13 ಸೆಂ.ಮೀ.

ಈ ಅಳತೆಗಳಿಂದ ನಕ್ಷೆ ತಾನಾಗಿಯೇ ರೂಪುಗೊಂಡಿತು. ಮೆತ್ತೆ 44 ಸೆಂ.ಮೀ. ಅಗಲ, 40 ಸೆಂ.ಮೀ. ಆಳ. ಸೀಳು ಹಿಂದಿನ ಅಂಚಿನಲ್ಲಿ 9 ಸೆಂ.ಮೀ. ಅಗಲವಿದ್ದು, ಒಳಗೆ ಹೋಗುತ್ತಾ 6 ಸೆಂ.ಮೀ.ಗೆ ಕಿರಿದಾಗಿ, 14 ಸೆಂ.ಮೀ. ಆಳದಲ್ಲಿ ದುಂಡಗೆ ಮುಗಿಯುತ್ತದೆ. ಆಗ ಪ್ರತಿ ಕೂರುವ ಮೂಳೆಯ ನಡುಬಿಂದುವೂ ಸೀಳಿನ ಒಳ ತುದಿಯ ಅಂಚಿನಿಂದ ಸುಮಾರು 3 ಸೆಂ.ಮೀ. ಆಚೆ, ಗಟ್ಟಿ ಫೋಮಿನ ಮೇಲೆ ಉಳಿಯುತ್ತದೆ.

ಜುಲೈ, ಮೊದಲ ವಾರ: ಫೋಮ್ ಆಯ್ಕೆ

ಫೋಮ್ ಅಂಗಡಿಗಳಲ್ಲಿ ಸರಕನ್ನು ಡೆನ್ಸಿಟಿಯ ಲೆಕ್ಕದಲ್ಲಿ ಕೊಡುತ್ತಾರೆ. 32 ಡೆನ್ಸಿಟಿ ಎಂದರೆ ಒಂದು ಘನ ಮೀಟರಿಗೆ 32 ಕಿಲೋ ತೂಕ. ಇದು ಬಾಳಿಕೆಯ ಸೂಚನೆಯೇ ಹೊರತು ಗಟ್ಟಿತನದ ಅಳತೆಯಲ್ಲ, ಆದ್ದರಿಂದ ಅಂಗಡಿಯಲ್ಲಿ ತುಂಡಿನ ಮೇಲೆ ಕುಳಿತೇ ನೋಡಬೇಕು. ಮೊದಲ ಮಾದರಿಯನ್ನು ಮನೆಯಲ್ಲಿದ್ದ 32 ಡೆನ್ಸಿಟಿಯ ಒಂದೇ ದಪ್ಪ ತುಂಡಿನಿಂದ ಕತ್ತರಿಸಿದೆ. ಬರಿಗೈಯಿಂದ ಒತ್ತಿದಾಗ ಅದು ಹಿತವಾಗಿಯೇ ಇತ್ತು. ಮೈಭಾರ ಬಿದ್ದಾಗ ಮಾತ್ರ ಫೋಮ್ ಕೆಳಕ್ಕೆ ಕುಗ್ಗುವುದರ ಜೊತೆಗೆ ಪಕ್ಕಕ್ಕೂ ಉಬ್ಬಿ, ಸೀಳು ಎರಡೂ ಕಡೆಯಿಂದ ಮುಚ್ಚಿಕೊಂಡಿತು. ಮೇಲಿನಿಂದ ನೋಡಿದರೆ ಇದು ಗೊತ್ತಾಗುವುದಿಲ್ಲ. ಸೀಳಿನಲ್ಲಿ ಉದ್ದವಾದ ಕಾಗದದ ಪಟ್ಟಿಯೊಂದನ್ನು ಇಳಿಬಿಟ್ಟು, ಕುಳಿತ ಮೇಲೆ ಹಿಂದಿನಿಂದ ಎಳೆದು ನೋಡಬೇಕು: ಸಲೀಸಾಗಿ ಬಂದರೆ ಜಾಗವಿದೆ, ಸಿಕ್ಕಿಕೊಂಡರೆ ಅಥವಾ ಹರಿದರೆ ಸೀಳು ಮುಚ್ಚಿದೆ. ನಮ್ಮ ಪಟ್ಟಿ ಹರಿಯಿತು.

ಇನ್ನೊಂದು ಪರೀಕ್ಷೆ ಗಾಲಿಕುರ್ಚಿಯ ಮೆತ್ತೆಗಳಿಗೆ ಮಾಡುವಂಥದ್ದು. ಕುಳಿತವರ ಕೂರುವ ಮೂಳೆಯ ನೇರಕ್ಕೆ, ಮೆತ್ತೆಯ ಅಡಿಗೆ ಅಂಗೈಯನ್ನು ಮೇಲ್ಮುಖವಾಗಿ ತೂರಿಸಿ ನೋಡಬೇಕು. ಮೂಳೆ ಕೈಗೆ ಗಟ್ಟಿಯಾಗಿ ತಾಗಿದರೆ ಫೋಮ್ ಪೂರ್ತಿ ಕುಗ್ಗಿ ತಳ ಕಂಡಿದೆಯೆಂದೇ ಅರ್ಥ. ನಡುವೆ ಎರಡು ಬೆರಳಿನಷ್ಟಾದರೂ ಮೆತ್ತನೆಯ ಪದರ ಉಳಿದಿರಬೇಕು. ಈ ಪರೀಕ್ಷೆಯಲ್ಲಿಯೂ 32 ಡೆನ್ಸಿಟಿಯ ತುಂಡು ನಿಲ್ಲಲಿಲ್ಲ.

ಜುಲೈ, ಮೂರನೆಯ ವಾರ: ಎರಡು ಪದರದ ಮಾದರಿ

ಈಗಿನ ಮಾದರಿಯ ಕೆಳಪದರ ರೀಬಾಂಡೆಡ್ ಫೋಮ್, ಅಂದರೆ ಚೂರುಗಳನ್ನು ಒತ್ತಿ ಅಂಟಿಸಿದ ಗಟ್ಟಿ ಹಲಗೆ. ಬೆಣೆಯ ಆಕಾರವೆಲ್ಲ ಈ ಪದರದಲ್ಲಿಯೇ ಇದೆ: ಹಿಂದೆ 5 ಸೆಂ.ಮೀ., ಮುಂದೆ 1 ಸೆಂ.ಮೀ. ಮೇಲ್ಪದರ 4 ಸೆಂ.ಮೀ. ದಪ್ಪದ, 40 ಡೆನ್ಸಿಟಿಯ ಎಚ್‌ಆರ್ ಫೋಮ್, ಅಂದರೆ ಒತ್ತಿ ಬಿಟ್ಟ ಕೂಡಲೇ ಪುಟಿದು ಮೊದಲಿನಂತಾಗುವ ಫೋಮ್. ಒಟ್ಟಿನಲ್ಲಿ ಹಿಂದೆ 9, ಮುಂದೆ 5 ಸೆಂ.ಮೀ. ಆಗಿ, ಇಳಿಜಾರು ಸುಮಾರು 6 ಡಿಗ್ರಿ ಬರುತ್ತದೆ. ಇದಕ್ಕಿಂತ ಕಡಿದಾದ ಇಳಿಜಾರನ್ನೂ ನೋಡಿದೆವು. ಹಿಂದೆ 12, ಮುಂದೆ 4 ಸೆಂ.ಮೀ. ಇಟ್ಟಾಗ ಅಕ್ಕ ಮುಂದಕ್ಕೆ ಜಾರುತ್ತಾ, ಜಾರದಂತೆ ಕಾಲೂರಿ ತಡೆಯುತ್ತಾ ತೊಡೆ ನೋಯಿಸಿಕೊಂಡಳು. ಕತ್ತರಿಸಲು ಉದ್ದ ಬ್ಲೇಡಿನ ಕಟರ್ ಸಾಕು, ಆದರೆ ಒಂದೇ ಏಟಿಗೆ ಕತ್ತರಿಸದೆ ಗೆರೆಯ ಮೇಲೆ ಮತ್ತೆಮತ್ತೆ ಹಗುರವಾಗಿ ಎಳೆಯಬೇಕು. ಒತ್ತಿ ಕತ್ತರಿಸಿದರೆ ಸೀಳಿನ ಗೋಡೆ ಓರೆಯಾಗುತ್ತದೆ. ಪದರಗಳನ್ನು ಅಂಟಿಸಲು ಫೋಮಿಗೆಂದೇ ಇರುವ ರಬ್ಬರ್ ಅಂಟನ್ನು ತೆಳುವಾಗಿ ಹಚ್ಚಿ, ಸೀಳಿನ ಅಂಚಿನಿಂದ ಎರಡು ಬೆರಳು ಬಿಟ್ಟೆ, ಏಕೆಂದರೆ ಒಣಗಿದ ಅಂಟು ಅಲ್ಲಿ ಗಡುಸು ಗೆರೆಯಾಗಿ ಒತ್ತುತ್ತದೆ.

ಹೊದಿಕೆಯ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಅಂಗಡಿಯ ಮೆತ್ತೆಗಳಲ್ಲಿಯೂ ಈ ದೋಷವನ್ನು ಕಂಡಿದ್ದೇನೆ. ಸೀಳಿನ ಮೇಲೆ ಬಟ್ಟೆಯನ್ನು ಬಿಗಿಯಾಗಿ ಎಳೆದು ಹೊಲಿದರೆ, ಮೈಭಾರಕ್ಕೆ ಅದು ಇನ್ನಷ್ಟು ಬಿಗಿದು, ಖಾಲಿ ಇರಬೇಕಾದ ಕಡೆಯಲ್ಲಿಯೇ ಬಾಲಮೂಳೆಯನ್ನು ಕೆಳಗಿನಿಂದ ಒತ್ತುತ್ತದೆ. ಆದ್ದರಿಂದ ಬಟ್ಟೆಯನ್ನೂ ಸೀಳಿನ ಆಕಾರಕ್ಕೇ ಕತ್ತರಿಸಿ, ಒಳಗೋಡೆಗೆ ಪ್ರತ್ಯೇಕ ಪಟ್ಟಿ ಜೋಡಿಸಿ ಹೊಲಿದಿದ್ದೇನೆ. ಮೇಲ್ಭಾಗಕ್ಕೆ ಹತ್ತಿ ಬಟ್ಟೆ, ತಳಕ್ಕೆ ಜಾರದ ರಬ್ಬರ್ ಜಾಲರಿ.

ಆಗಸ್ಟ್, ಎರಡನೆಯ ವಾರ: ಕಚೇರಿಯ ಕುರ್ಚಿಯಲ್ಲಿ

ಮನೆಯ ಮರದ ಕುರ್ಚಿಯಲ್ಲಿ ಸರಿಯಾಗಿದ್ದ ಮೆತ್ತೆ ಕಚೇರಿಯಲ್ಲಿ ಬೇರೆಯೇ ರೀತಿ ವರ್ತಿಸಿತು. ಅಲ್ಲಿನ ತಿರುಗುವ ಕುರ್ಚಿಯ ಆಸನ ನಡುವೆ ತಗ್ಗಾಗಿ ಹಿಂದಕ್ಕೆ ವಾಲಿತ್ತು. ಮೆತ್ತೆಯೂ ಆ ತಗ್ಗಿಗೆ ಬಾಗಿ ಇಳಿಜಾರು ಅಳಿಸಿಹೋಯಿತು, ಕಾಗದದ ಪಟ್ಟಿಯೂ ಸಿಕ್ಕಿಕೊಂಡಿತು. ಇದಕ್ಕೆ 6 ಮಿ.ಮೀ. ಪ್ಲೈವುಡ್ಡಿನ ಹಲಗೆಯನ್ನು ಅದೇ ಸೀಳಿನ ಆಕಾರದಲ್ಲಿ ಕೊಯ್ದು ಮೆತ್ತೆಯ ಅಡಿಗೆ ಇಟ್ಟು, ಆಸನ ಹಿಂದಕ್ಕೆ ವಾಲಿರುವಷ್ಟನ್ನು ಹಲಗೆಯ ಹಿಂಬದಿಗೆ ಒಂದು ಮರದ ಪಟ್ಟಿ ಹೊಡೆದು ಸರಿದೂಗಿಸಿದೆ. ಎತ್ತರ ಹೆಚ್ಚಾದದ್ದರಿಂದ ಕುರ್ಚಿಯನ್ನು ತಗ್ಗಿಸಲೇಬೇಕಾಯಿತು, ಇಲ್ಲವಾದರೆ ಪಾದ ನೆಲಕ್ಕೆ ಸಿಗದೆ ಮೈ ಹಿಂದಕ್ಕೆ ಜಾರಿ ಬೆನ್ನು ಬಾಗುತ್ತದೆ. ಕುರ್ಚಿ ಪೂರ್ತಿ ಇಳಿದ ಮೇಲೂ ಉಳಿದ ಕೊರತೆಗೆ ಕಾಲಡಿಗೆ ಒಂದು ಮಣೆ ಇಟ್ಟಿದ್ದಾಳೆ.

ಏಳುವ ಕ್ರಮವನ್ನು ಫಿಸಿಯೋಥೆರಪಿಸ್ಟ್ ತಿದ್ದಿದ್ದಾರೆ: ಮೊದಲು ಆಸನದ ಅಂಚಿಗೆ ಸರಿದು, ಸೊಂಟದಿಂದ ಮುಂದಕ್ಕೆ ಬಾಗಿ, ಭಾರ ಪಾದಗಳಿಗೆ ಬಂದ ಮೇಲೆ ಏಳಬೇಕು. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲುವುದನ್ನು ಮೆತ್ತೆ ಇದ್ದರೂ ಬಿಡಬಾರದೆಂದು ಅವರು ಒತ್ತಿ ಹೇಳಿದ್ದಾರೆ. ಮಲವಿಸರ್ಜನೆಯ ವೇಳೆ ತಿಣುಕುವುದೂ ನೋವನ್ನು ಕೆರಳಿಸುತ್ತದೆ, ಏಕೆಂದರೆ ಕಿಬ್ಬೊಟ್ಟೆಯ ತಳವನ್ನು ಹಿಡಿದಿರುವ ಸ್ನಾಯುಗಳು ಬಾಲಮೂಳೆಗೇ ಬಂದು ಸೇರುತ್ತವೆ. ಆ ಸ್ನಾಯುಗಳನ್ನು ಸಡಿಲಿಸುವ ಉಸಿರಾಟದ ಅಭ್ಯಾಸವನ್ನೂ ಕಲಿಸಿಕೊಟ್ಟಿದ್ದಾರೆ.

ಮೆತ್ತೆಗೆ ನಿಲುಕದ ಲಕ್ಷಣಗಳೂ ಇವೆ. ಜ್ವರ, ಬಾಲಮೂಳೆಯ ಬಳಿ ಬಾವು ಅಥವಾ ಕೀವು, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿರುವುದು, ಮಲಮೂತ್ರದ ಹಿಡಿತ ತಪ್ಪುವುದು, ಮಲಗಿದರೂ ರಾತ್ರಿಯೆಲ್ಲ ಬಿಡದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರ ಬಳಿ ಹೋಗಬೇಕು; ಸ್ಪರ್ಶ ಅಥವಾ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ.

ಸೆಪ್ಟೆಂಬರ್, ಕೊನೆಯ ವಾರ

ಅಕ್ಕ ಊಟದ ಬಿಡುವಿಗೆ ಏಳುವಾಗಿನ ನೋವನ್ನು ಹತ್ತಕ್ಕೆ ಇಷ್ಟೆಂದು ಡೈರಿಯಲ್ಲಿ ಬರೆಯುತ್ತಾ ಬಂದಿದ್ದಾಳೆ. ಜೂನಿನಲ್ಲಿ ಎಂಟು ಇದ್ದದ್ದು ಈಗ ಮೂರರ ಆಸುಪಾಸಿಗೆ ಇಳಿದಿದೆ. ಇದರಲ್ಲಿ ಕಾಲದ ಪಾಲೆಷ್ಟು, ಮಾತ್ರೆಯ ಪಾಲೆಷ್ಟು, ಮೆತ್ತೆಯ ಪಾಲೆಷ್ಟು ಎಂದು ಬಿಡಿಸಲು ಬರುವುದಿಲ್ಲ. ಬಾಲಮೂಳೆಯ ನೋವು ಬಹುಪಾಲು ಜನರಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆಯೇ ವಾರಗಳಲ್ಲೋ ತಿಂಗಳುಗಳಲ್ಲೋ ಇಳಿಯುತ್ತದೆ. ಆದರೆ ಮೆತ್ತೆಯನ್ನು ಮನೆಯಲ್ಲಿ ಬಿಟ್ಟುಹೋದ ದಿನ ಸಂಖ್ಯೆ ಐದಕ್ಕೆ ಏರಿದ್ದು ಡೈರಿಯಲ್ಲಿ ದಾಖಲಾಗಿದೆ. ನೋವು ಉಳಿದುಕೊಂಡರೆ ಚುಚ್ಚುಮದ್ದಿನ ದಾರಿ ಇದೆಯೆಂದೂ ಅದು ಈಗ ಬೇಡವೆಂದೂ ವೈದ್ಯರು ಹೇಳಿದ್ದಾರೆ.

ಮೇಲ್ಪದರ ಕೂರುವ ಮೂಳೆಗಳ ಕೆಳಗೆ ಅರ್ಧ ಸೆಂಟಿಮೀಟರಿನಷ್ಟು ತಗ್ಗಾಗಿದೆ. ಕಾಗದದ ಪಟ್ಟಿ ಇನ್ನೂ ಸಲೀಸಾಗಿ ಬರುತ್ತಿದೆ, ಅಂಗೈ ಪರೀಕ್ಷೆಯೂ ಸರಿಯಿದೆ. ಪಟ್ಟಿ ಬಿಗಿಯತೊಡಗಿದ ಕೂಡಲೇ ಮೇಲ್ಪದರವನ್ನಷ್ಟೇ ಕಿತ್ತು ಹೊಸದನ್ನು ಕೂರಿಸುವುದು ಮುಂದಿನ ಕೆಲಸ.