ಆರು ತಿಂಗಳ ರೇಟು

ನಮ್ಮ ಮಸಾಲೆ ಪುಡಿಗೆ ರಟ್ಟಿನ ಬಾಕ್ಸ್ ಮಾಡಿಕೊಡುವವರ ಹತ್ತಿರ ಇವತ್ತು ಹೋಗಿದ್ದೆ. ಬಾಕ್ಸಿಗೆ 27 ರೂಪಾಯಿ, ಜಿಎಸ್‌ಟಿ ಬೇರೆ. ಕೊಟೇಶನ್ ಕೆಳಗೆ ಸಣ್ಣ ಅಕ್ಷರದಲ್ಲಿ, ಈ ದರ 15 ದಿನಕ್ಕೆ ಮಾತ್ರ.

"ಆರು ತಿಂಗಳು ಇದೇ ರೇಟು ಇಡ್ತೀರಾ ಸರ್?"

"ಕ್ರಾಫ್ಟ್ ಪೇಪರ್ ರೇಟು ನಮ್ಮ ಕೈಲಿಲ್ಲ ಮೇಡಂ."

ಚೀಟಿ ಮುಂದಿಟ್ಟೆ. ಪ್ರತಿ ತಿಂಗಳು 5ನೇ ತಾರೀಕು 1,200 ಬಾಕ್ಸ್. ಒಂದೇ ಸೈಜು, ಒಂದೇ ಪ್ರಿಂಟು. ಒಟ್ಟು 7,200.

ಅವರು ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ಕ್ಯಾಲ್ಕುಲೇಟರ್ ತೆಗೆದು, ಇಷ್ಟಕ್ಕೆ ಎಷ್ಟು ರೀಲ್ ಪೇಪರ್ ಬೇಕು ಅಂತ ಲೆಕ್ಕ ಹಾಕಿದರು. ಪೇಪರ್ ಈಗಲೇ ಕೊಂಡಿಟ್ಟರೆ ಅವರಿಗೂ ರೇಟು ಏರುವ ಭಯ ಇಲ್ಲ. ಆದರೆ ದುಡ್ಡು ಸಿಕ್ಕಿಹಾಕಿಕೊಳ್ಳುತ್ತೆ, ಅಲ್ವಾ?

"ನೀವು ಮಧ್ಯದಲ್ಲಿ ಬೇಡ ಅಂದರೆ? ನಿಮ್ಮ ಹೆಸರಿರೋ ಬಾಕ್ಸನ್ನ ಬೇರೆ ಯಾರಿಗೆ ಕೊಡ್ಲಿ?"

ನ್ಯಾಯವಾದ ಮಾತು. ಎಲ್ಲ ಒಟ್ಟಿಗೆ ಕೊಂಡುಬಿಡೋಣ ಅಂದರೆ ನಮ್ಮಲ್ಲಿ ಜಾಗ ಇಲ್ಲ. ಮಳೆಗಾಲದಲ್ಲಿ ರಟ್ಟು ತೇವ ಎಳೆದು ಮೆತ್ತಗಾಗುತ್ತೆ, ಕೆಳಗಿನ ಬಾಕ್ಸು ಕುಸಿಯುತ್ತೆ.

ಹಾಗಾಗಿ ಅಲ್ಲೇ ಕೂತು ಬರೆದೆವು. ತಯಾರಾದ ಮಾಲನ್ನು ನಮ್ಮ ವ್ಯಾಪಾರ ಹೇಗೇ ಇರಲಿ, ಅದೇ ತಿಂಗಳು ಎತ್ತುತ್ತೇನೆ. ಸಂಖ್ಯೆ ಬದಲಾದರೆ 45 ದಿನ ಮೊದಲು ಹೇಳುತ್ತೇನೆ, 1,000ಕ್ಕಿಂತ ಕಮ್ಮಿ ಮಾಡುವುದಿಲ್ಲ. ಆರು ತಿಂಗಳು ಮುಗಿದಾಗ ಉಳಿದ ಪೇಪರ್ ಇದ್ದರೆ, ಅದರ ಬಾಕ್ಸೂ ನನ್ನದೇ.

ಕೊನೇ ಸಾಲು ನಾನೇ ಸೇರಿಸಿದ್ದು. ಅದನ್ನು ಓದಿದ ಮೇಲೇ ಅವರು ಪೆನ್ನು ತೆಗೆದು '15 ದಿನ' ಹೊಡೆದುಹಾಕಿ '6 ತಿಂಗಳು' ಅಂತ ಬರೆದು ಸಹಿ ಮಾಡಿದ್ದು.

ಮೊದಲ ಲಾಟು ಬರುವ 5ಕ್ಕೆ. ಗೋಡೌನಿನಲ್ಲಿ ಇವತ್ತೇ ಮರದ ಹಲಗೆ ಹಾಸಿಸಿದೆ.