ಜೋಗದಿಂದ ಪ್ಲಗ್ಗಿನವರೆಗೆ: ಆ ಹಳದಿ ಚುಕ್ಕೆಯನ್ನು ನಾನು ಯಾಕೆ ತೆಗೆಸಿದೆ

“ಸರ್, ಜೋಗದಲ್ಲಿ ಹುಟ್ಟಿದ ಕರೆಂಟು ಬೆಂಗಳೂರಲ್ಲಿ ನಮ್ಮನೆ ಪ್ಲಗ್ಗಿಗೆ ಬರೋಕೆ ಎಷ್ಟು ಹೊತ್ತು ಬೇಕು? ಒಂದು ಮ್ಯಾಪ್ ಹಾಕಿ ತೋರಿಸಿಬಿಡಿ.”

ಶಕ್ತಿ ಬರುವುದಕ್ಕೆ ಸೆಕೆಂಡಿನ ಸಾವಿರದ ಒಂದೆರಡು ಪಾಲು ಸಾಕು. ಎಲೆಕ್ಟ್ರಾನ್ ಬರುವುದೇ ಇಲ್ಲ. ಮದುವೆ ಮನೆಯಲ್ಲಿ, ರೈಲಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಸಬ್‌ಸ್ಟೇಷನ್ನಿನಲ್ಲಿ ಕೆಲಸ ಮಾಡಿದವನು ಅಂತ ಗೊತ್ತಾದರೆ ಸಾಕು, ಊಟದ ಎಲೆಯ ಮುಂದೆಯೂ ಬಿಡುವುದಿಲ್ಲ. ಹಾಗಾಗಿ ಬರೆದೇ ಬಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಪ್ರಶ್ನೆಯಲ್ಲಿ ನನಗೆ ಸಿಟ್ಟು ಬರಿಸುವುದು “ಬರೋಕೆ” ಎನ್ನುವ ಭಾಗ. ಹಿಂದೊಮ್ಮೆ ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆಂದು ಒಬ್ಬರು ನನ್ನಿಂದ ಒಂದು ವಿಡಿಯೊ ಸ್ಕ್ರಿಪ್ಟ್ ಬರೆಸಿದರು. ಕರ್ನಾಟಕದ ನಕ್ಷೆ, ಅದರ ಮೇಲೆ ವಿದ್ಯುತ್ತಿನ ದಾರಿ. ಒಪ್ಪಿ ಬರೆದುಕೊಟ್ಟೆ. ಮೊದಲ ಕಟ್ ನೋಡಿದರೆ ಒಂದು ಹಳದಿ ಚುಕ್ಕೆ ಜೋಗದಲ್ಲಿ ಹುಟ್ಟಿ, ನಗುಮುಖ ಹೊತ್ತು, ಶಿವಮೊಗ್ಗ, ತುಮಕೂರು ದಾಟಿ, ಕಂಬದಿಂದ ಕಂಬಕ್ಕೆ ಹಾರಿ ಒಂದು ಮನೆಯ ಬಲ್ಬಿನೊಳಗೆ ಹೋಗಿ ಕೂತಿತು. “ಇದು ಎಲೆಕ್ಟ್ರಾನ್ ಸರ್, ಮಕ್ಕಳಿಗೆ ಅರ್ಥ ಆಗ್ಬೇಕಲ್ಲ” ಅಂದರು. ಅರ್ಥ ಆಗುವುದು ಬೇರೆ, ತಪ್ಪು ಅರ್ಥ ಆಗುವುದು ಬೇರೆ. ಆ ಮಾತಿಗೆ ಅವತ್ತು ನಾವಿಬ್ಬರೂ ಧ್ವನಿ ಏರಿಸಿದೆವು. ಇವತ್ತೂ ನನ್ನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ಚುಕ್ಕೆ ಯಾಕೆ ತಪ್ಪು ಅಂತ ನಕ್ಷೆಯ ಮೇಲೆಯೇ ನೋಡಿ. ಜನ ಜೋಗ ಅನ್ನುವುದು ಸಾಮಾನ್ಯವಾಗಿ ಶರಾವತಿ ವಿದ್ಯುದಾಗಾರವನ್ನು. ಲಿಂಗನಮಕ್ಕಿಯ ನೀರು ತಲಕಳಲೆ ಜಲಾಶಯಕ್ಕೆ ಬಂದು, ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಧುಮುಕಿ ಟರ್ಬೈನ್ ತಿರುಗಿಸುತ್ತದೆ. ಅಲ್ಲಿ ತಲಾ 103.5 ಮೆಗಾವ್ಯಾಟಿನ 10 ಘಟಕಗಳಿವೆ. ಜನರೇಟರಿನಿಂದ ಹೊರಬೀಳುವುದು 11,000 ವೋಲ್ಟ್. ಪಕ್ಕದಲ್ಲೇ ಇರುವ ಟ್ರಾನ್ಸ್‌ಫಾರ್ಮರ್ ಅದನ್ನು 2,20,000 ವೋಲ್ಟಿಗೆ ಏರಿಸುತ್ತದೆ. ದೊಡ್ಡ ಗೋಪುರಗಳ ಮೇಲೆ ಘಟ್ಟ ದಾಟಿ ಬಂದ ಲೈನು ಬೆಂಗಳೂರಿನ ಅಂಚಿನ ಸ್ವೀಕರಣಾ ಕೇಂದ್ರದಲ್ಲಿ 66,000ಕ್ಕೆ ಇಳಿಯುತ್ತದೆ. ಬಡಾವಣೆಯ ಸಬ್‌ಸ್ಟೇಷನ್ನಿನಲ್ಲಿ ಮತ್ತೆ 11,000ಕ್ಕೆ. ಕೊನೆಗೆ ನಿಮ್ಮ ರಸ್ತೆಯ ಟ್ರಾನ್ಸ್‌ಫಾರ್ಮರಿನಲ್ಲಿ, ಅಂದರೆ ಊರವರು ಟಿಸಿ ಅನ್ನುವುದರಲ್ಲಿ, 400 ವೋಲ್ಟಿನ ಆಸುಪಾಸಿಗೆ.

ಒಟ್ಟು ನಾಲ್ಕು ಟ್ರಾನ್ಸ್‌ಫಾರ್ಮರು. ಪ್ರತಿಯೊಂದರೊಳಗೂ ಎರಡು ಬಗೆಯ ಸುರುಳಿಗಳಿರುತ್ತವೆ, ನಡುವೆ ಕಾಗದ ಮತ್ತು ಎಣ್ಣೆಯ ನಿರೋಧಕ. ಒಳಬರುವ ತಂತಿಗೂ ಹೊರಹೋಗುವ ತಂತಿಗೂ ಸಂಪರ್ಕವೇ ಇಲ್ಲ. ದಾಟುವುದು ಕಬ್ಬಿಣದ ತಿರುಳಿನಲ್ಲಿ ಏರಿಳಿಯುವ ಕಾಂತಕ್ಷೇತ್ರ ಮಾತ್ರ. ಜೋಗದ ಜನರೇಟರಿನಲ್ಲಿರುವ ಎಲೆಕ್ಟ್ರಾನ್ ಪಕ್ಕದ ಟ್ರಾನ್ಸ್‌ಫಾರ್ಮರನ್ನೇ ದಾಟಲಾರದು, ಬೆಂಗಳೂರಿನ ಮಾತು ಹಾಗಿರಲಿ. ನಿಮ್ಮ ಮನೆಯ ತಂತಿಯಲ್ಲೂ ಅದು ನಡೆಯುವುದಿಲ್ಲ, ಅಲುಗುತ್ತದೆ. 2,000 ವ್ಯಾಟಿನ ಗೀಸರಿಗೆ ಸುಮಾರು 8.7 ಆಂಪಿಯರ್ ಹರಿಯುವಾಗ, 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನುಗಳು ಆ ಕಡೆ ಈ ಕಡೆ ಸರಿಯುವುದು ಮಿಲಿಮೀಟರಿನ ಸಾವಿರದ ಎರಡು ಮೂರು ಪಾಲು, ಅದೂ ಸೆಕೆಂಡಿಗೆ 50 ಬಾರಿ. ಗರಗಸದ ಹಲ್ಲು ನಿಂತಲ್ಲೇ ಹಿಂದೆ ಮುಂದೆ ಆಡಿದರೂ ಮರ ತುಂಡಾಗುತ್ತದಲ್ಲ, ಹಾಗೆ. ಸ್ಕ್ರಿಪ್ಟಿನಲ್ಲಿ ಆಮೇಲೆ ನಾನು ಚುಕ್ಕೆ ತೆಗೆಸಿ, ಇಡೀ ದಾರಿಯ ತಂತಿಗಳು ಒಟ್ಟಿಗೇ ಕಂಪಿಸುವಂತೆ ತೋರಿಸಿ ಅಂದೆ.

ಮೂಲದ ಬಗ್ಗೆಯೂ ಒಂದು ಮಾತು. ಮಧ್ಯಾಹ್ನ ನಿಮ್ಮ ಫ್ಯಾನು ತಿರುಗುವುದರಲ್ಲಿ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನ ಪಾಲಿರುತ್ತದೆ, ರಾಯಚೂರಿನ ಕಲ್ಲಿದ್ದಲಿನದೂ ಇರಬಹುದು, ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬರುವ ಏಕಮುಖ ವಿದ್ಯುತ್ತಿನ ಲೈನಿನದೂ ಇರಬಹುದು. ಎಲ್ಲವೂ ಒಂದೇ ಜಾಲಕ್ಕೆ ಸೇರುತ್ತವೆ, ಯಾರದು ಯಾವುದು ಅಂತ ಬೇರ್ಪಡಿಸಲು ಬರುವುದಿಲ್ಲ. ಜೋಗವನ್ನು ಆರಿಸಿದ್ದು ನೀವು ಅದನ್ನೇ ಕೇಳುತ್ತೀರಿ ಅಂತ.

ಮುಂದಿನ ಪ್ರಶ್ನೆ ಯಾವಾಗಲೂ ಇದೇ: ಇಷ್ಟು ಸಲ ಏರಿಸಿ ಇಳಿಸುವ ಗೋಜು ಯಾಕೆ, 11,000ದಲ್ಲೇ ಕಳಿಸಿದರೆ ಆಗದೆ? ಲೆಕ್ಕ ಮಾಡೋಣ. ಒಂದು ಘಟಕದ 103.5 ಮೆಗಾವ್ಯಾಟನ್ನು 2,20,000 ವೋಲ್ಟಿನಲ್ಲಿ ಮೂರು ತಂತಿಗಳ ಮೂಲಕ ಕಳಿಸಿದರೆ ಒಂದೊಂದು ತಂತಿಯಲ್ಲಿ ಸುಮಾರು 272 ಆಂಪಿಯರ್ ಹರಿಯುತ್ತದೆ. ತಂತಿಯ ರೋಧ ಕಿಲೋಮೀಟರಿಗೆ 0.07 ಓಮ್, ದೂರ 350 ಕಿಲೋಮೀಟರ್ ಅಂದುಕೊಳ್ಳಿ. ಆಗ ತಂತಿ ಬಿಸಿಯಾಗಿ ಕಳೆದುಹೋಗುವುದು ಸುಮಾರು 5.4 ಮೆಗಾವ್ಯಾಟ್, ನೂರಕ್ಕೆ ಐದರಷ್ಟು. ಇದು ಸಹಿಸಬಹುದಾದ ನಷ್ಟ. ಅದೇ ಶಕ್ತಿಯನ್ನು 11,000 ವೋಲ್ಟಿನಲ್ಲಿ ಕಳಿಸಲು ಕರೆಂಟು 20 ಪಟ್ಟು ಬೇಕು. ನಷ್ಟ ಏರುವುದು ಕರೆಂಟಿನ ವರ್ಗದ ಪ್ರಮಾಣದಲ್ಲಿ, ಅಂದರೆ 400 ಪಟ್ಟು. ಅದು 2,000 ಮೆಗಾವ್ಯಾಟಿಗೂ ಮೇಲೆ. ಕಳಿಸುವುದೇ 103.5, ದಾರಿಖರ್ಚಿಗೇ 2,000 ಬೇಕು. ಅಷ್ಟು ದೂರ 11,000 ವೋಲ್ಟಿನಲ್ಲಿ ಆ ತಂತಿಯ ಮೇಲೆ ಅಷ್ಟು ಶಕ್ತಿ ಕಳಿಸುವುದು ಸಾಧ್ಯವೇ ಇಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನು ಎಳೆದಾಗಲೂ ಸುಮಾರು 30,000 ವೋಲ್ಟಿಗೆ ಏರಿಸಿಯೇ ಕಳಿಸಿದ್ದು. ಕಾರಣ ಅದೇ.

ಇಷ್ಟು ಹೇಳಿದ ಮೇಲೆ ಎಲ್ಲರೂ ತಲೆಯಾಡಿಸಿ ಎದ್ದುಹೋಗುತ್ತಾರೆ. ನನಗೆ ಬೇಜಾರಾಗುವುದು ಅಲ್ಲೇ. ನಕ್ಷೆಯನ್ನು ಜೋಗದಿಂದ ಮನೆಯ ಕಡೆಗೆ ಓದಿದರೆ ಅದೊಂದು ಕತೆ, ಅಷ್ಟೆ. ಮನೆಯಿಂದ ಜೋಗದ ಕಡೆಗೆ ಓದಿದರೆ ಕೆಲಸಕ್ಕೆ ಬರುತ್ತದೆ. ಕರೆಂಟು ಹೋದಾಗ ಎಲ್ಲಿ ಹೋಗಿದೆ ಅಂತ ಹೇಗೆ ಕಂಡುಹಿಡಿಯುವುದು, ಇದನ್ನು ಒಬ್ಬರಾದರೂ ಕೇಳಬಾರದೆ?

ಮೊದಲು ಕಿಟಕಿಯಿಂದ ಹೊರಗೆ ನೋಡಿ. ನಿಮ್ಮ ಮನೆ ಮಾತ್ರ ಕತ್ತಲೆಯೆಂದರೆ ದೋಷ ಕರೆಂಟು ಹೆಚ್ಚಾದರೆ ತಾನೇ ಬೀಳುವ ನಿಮ್ಮ ಎಂಸಿಬಿ ಸ್ವಿಚ್ಚಿನಲ್ಲೋ, ಮೀಟರಿನ ಹತ್ತಿರದ ಕಟೌಟ್ ಫ್ಯೂಸಿನಲ್ಲೋ, ಕಂಬದಿಂದ ಬರುವ ಸರ್ವಿಸ್ ವೈರಿನಲ್ಲೋ ಇದೆ. ಇಡೀ ರಸ್ತೆ ಕತ್ತಲೆ, ಪಕ್ಕದ ರಸ್ತೆಯಲ್ಲಿ ಬೆಳಕು ಅಂದರೆ ಟಿಸಿಯನ್ನು ಅನುಮಾನಿಸಿ. ಕಣ್ಣಿಗೆ ಕಾಣುವಷ್ಟು ದೂರ ಕತ್ತಲೆಯಾದರೆ ಸಬ್‌ಸ್ಟೇಷನ್ನಿನಿಂದ ಬರುವ 11,000 ವೋಲ್ಟಿನ ಲೈನು, ಅಂದರೆ ಫೀಡರು, ಟ್ರಿಪ್ ಆಗಿದೆ, ಇಲ್ಲವೇ ಅದರ ಹಿಂದಿನ ಸಬ್‌ಸ್ಟೇಷನ್ನೇ ಹೋಗಿದೆ.

ಕಷ್ಟ ಇರುವುದು ಅರ್ಧಂಬರ್ಧ ಹೋದಾಗ. ಟಿಸಿಯಿಂದ ಫೇಸು ಅನ್ನುವ ಮೂರು ತಂತಿ, ಆ ಮೂರಕ್ಕೂ ಹಿಂದಿರುಗುವ ದಾರಿಯಾದ ಒಂದು ನ್ಯೂಟ್ರಲ್ ತಂತಿ ಹೊರಡುತ್ತವೆ. ಸಾಮಾನ್ಯ ಮನೆಗೆ ಸಿಗುವುದು ಒಂದು ಫೇಸು ಮತ್ತು ನ್ಯೂಟ್ರಲ್, ಸುಮಾರು 230 ವೋಲ್ಟ್. ಮನೆಗಳನ್ನು ಮೂರು ಫೇಸುಗಳಿಗೆ ಹಂಚಿರುತ್ತಾರೆ. ಮೂರರಲ್ಲಿ ಒಂದು ಪಾಲು ಮನೆಗಳು ಪೂರ್ತಿ ಕತ್ತಲೆ, ಉಳಿದವು ಸರಿಯಾಗಿವೆ ಎಂದರೆ ಟಿಸಿಯ ಕೆಳಗಿನ ಪೆಟ್ಟಿಗೆಯಲ್ಲಿ ಒಂದು ಫೇಸಿನ ಫ್ಯೂಸು ಹೋಗಿದೆ. ಆದರೆ ಒಂದು ಪಾಲು ಸರಿಯಾಗಿದ್ದು, ಎರಡು ಪಾಲು ಮನೆಗಳಲ್ಲಿ ಬಲ್ಬು ಮಂಕಾಗಿ ಫ್ಯಾನು ತೆವಳುತ್ತಿದ್ದರೆ, ಹೋಗಿರುವುದು ಮೇಲಿನ 11,000 ವೋಲ್ಟಿನ ಕಡೆಯ ಒಂದು ತಂತಿ. ಅಲ್ಲಿನ ಎಚ್‌ಜಿ ಫ್ಯೂಸೋ, ಲೈನನ್ನು ಟಿಸಿಗೆ ಜೋಡಿಸುವ ಜಂಪ್ ತಂತಿಯೋ ಕಡಿದಿರುತ್ತದೆ. ಆ ಕಡೆ ಫೇಸಿಗೊಂದರಂತೆ ಇರುವ ಮೂರು ಸುರುಳಿಗಳನ್ನು ತ್ರಿಕೋನದಂತೆ ಜೋಡಿಸಿರುವುದರಿಂದ, ಒಂದು ತಂತಿ ಹೋದರೆ ಒಂದು ಸುರುಳಿಗೆ ಪೂರ್ತಿ ವೋಲ್ಟೇಜು, ಉಳಿದೆರಡಕ್ಕೆ ಅರ್ಧರ್ಧ ಸಿಗುತ್ತದೆ. ಆ ಎರಡು ಫೇಸಿನ ಮನೆಗಳಿಗೆ 115 ವೋಲ್ಟಿನ ಆಸುಪಾಸು ಬರುತ್ತದೆ. ಫ್ರಿಜ್ಜು, ಮೋಟಾರು ಕೂಡಲೇ ಆಫ್ ಮಾಡಿ. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಮೋಟಾರು ತಿರುಗಲಾರದೆ ಬರೀ ಬಿಸಿಯಾಗುತ್ತದೆ.

ಎಲ್ಲಕ್ಕಿಂತ ಅಪಾಯದ್ದು ನ್ಯೂಟ್ರಲ್ ಕಡಿಯುವುದು. ಆಗ ಮನೆಗಳೆಲ್ಲ ಒಟ್ಟಿಗೆ ಕತ್ತಲಾಗುವುದಿಲ್ಲ, ಅದಕ್ಕೇ ಯಾರೂ ಹೆದರುವುದಿಲ್ಲ. ಎರಡು ಮನೆ ಎಂದುಕೊಳ್ಳಿ, ಬೇರೆ ಬೇರೆ ಫೇಸಿನವು, ಎರಡಕ್ಕೂ ಒಂದೇ ನ್ಯೂಟ್ರಲ್. ಒಂದರಲ್ಲಿ 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಮಾತ್ರ ಹಾಕಿದ್ದಾರೆ, ಇನ್ನೊಂದರಲ್ಲಿ 100 ವ್ಯಾಟಿನ ಹಳೇ ಬಲ್ಬು ಮಾತ್ರ. ಕಂಬದ ಮೇಲೆ ನ್ಯೂಟ್ರಲ್ ತುಂಡಾದ ಕೂಡಲೇ ಎರಡೂ ಮನೆಗಳು ಒಂದರ ಹಿಂದೆ ಒಂದು ಜೋಡಿಸಿದಂತಾಗಿ, ಎರಡು ಫೇಸುಗಳ ನಡುವಿನ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಇಸ್ತ್ರಿಪೆಟ್ಟಿಗೆಯ ರೋಧ ಸುಮಾರು 53 ಓಮ್, ಬಲ್ಬಿನದು 529. ಹೆಚ್ಚು ರೋಧಕ್ಕೆ ಹೆಚ್ಚು ವೋಲ್ಟು. ಹಾಗಾಗಿ ಬಲ್ಬಿನ ಮನೆಗೆ ಸುಮಾರು 364 ವೋಲ್ಟು, ಇಸ್ತ್ರಿ ಮನೆಗೆ ಬರೀ 36. ಹೆಚ್ಚು ಬಳಸುವ ಮನೆ ಮಂಕಾಗುತ್ತದೆ, ಒಂದು ಟಿವಿ ಮಾತ್ರ ಹಾಕಿಕೊಂಡು ಕೂತವರ ಟಿವಿ ಸುಡುತ್ತದೆ. ಮಾಮೂಲಿ ಎಂಸಿಬಿ ಇದನ್ನು ತಡೆಯುವುದಿಲ್ಲ. ಅದು ನೋಡುವುದು ಕರೆಂಟನ್ನು, ವೋಲ್ಟೇಜನ್ನಲ್ಲ.

ಗುರುತಿಸುವುದು ಹೀಗೆ: ನಿಮ್ಮ ದೀಪ ಇದ್ದಕ್ಕಿದ್ದಂತೆ ವಿಪರೀತ ಪ್ರಖರವಾಗುತ್ತದೆ, ಅದೇ ಹೊತ್ತಿಗೆ ಪಕ್ಕದ ಮನೆಯದು ಮಂಕಾಗುತ್ತದೆ. ಅವರು ಗೀಸರ್ ಹಾಕಿದರೆ, ತೆಗೆದರೆ ನಿಮ್ಮ ದೀಪ ಏರಿಳಿಯುತ್ತದೆ. ಇದು ಕಂಡರೆ ಯೋಚಿಸುತ್ತ ನಿಲ್ಲಬೇಡಿ. ಮೇನ್ ಸ್ವಿಚ್ ಇಳಿಸಿ, ಪಕ್ಕದವರಿಗೂ ಕೂಗಿ ಹೇಳಿ, ಕಂಬದ ಹತ್ತಿರ ಹೋಗಬೇಡಿ. ಆಮೇಲೆ 1912ಕ್ಕೆ ಫೋನ್ ಮಾಡಿ, “ಕರೆಂಟಿಲ್ಲ” ಅನ್ನಬೇಡಿ. “ಒಂದು ಮನೆಗೆ ಹೈ ವೋಲ್ಟೇಜು, ಪಕ್ಕದ್ದಕ್ಕೆ ಲೋ, ನ್ಯೂಟ್ರಲ್ ಹೋಗಿರೋ ಹಾಗಿದೆ” ಅನ್ನಿ. ಜೊತೆಗೆ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರು ಕೊಡಿ. ಬರುವ ಲೈನ್‌ಮ್ಯಾನ್ ನಿಮ್ಮ ಮೀಟರ್ ಬೋರ್ಡ್ ಬಿಚ್ಚಿ ಹೊತ್ತು ಕಳೆಯದೆ, ನೇರವಾಗಿ ಏಣಿ ಹಿಡಿದು ಸರಿಯಾದ ಕಂಬಕ್ಕೆ ಹೋಗುತ್ತಾನೆ.